ಇಪ್ಪತ್ತು ಹೆಸರು, ಮುನ್ನೂರು ಗಂಟೆ

ಹರಿಹರದಲ್ಲಿ ಒಂದು ವರ್ಕ್‌ಶಾಪ್ ಇದೆ ಎಂದುಕೊಳ್ಳೋಣ. ನಾಲ್ಕು ಸಿಎನ್‌ಸಿ ಲೇಥು, ಹದಿನೆಂಟು ಜನ, ಎರಡು ಪಾಳಿ. ಕೆಲಸವೆಲ್ಲ ಇಬ್ಬರು ಗಿರಾಕಿಗಳಿಂದಲೇ ಬರುತ್ತದೆ. ಮಾಲೀಕರಿಗೆ ಮೂರನೆಯವರು ಬೇಕು. ಅವರು ಒಂದು ಹಾಳೆಯ ಮೇಲೆ ಇಪ್ಪತ್ತು ದೊಡ್ಡ ಕಾರ್ಖಾನೆಗಳ ಹೆಸರು ಬರೆದು, ಒಂದೇ ಕಂಪನಿ ಪ್ರೊಫೈಲನ್ನು ಇಪ್ಪತ್ತೂ ಕಡೆಗೆ ಮೇಲ್ ಮಾಡಿ ಕೂತಿದ್ದಾರೆ. ಉತ್ತರ ಬಂದಿಲ್ಲ. ಬರುವುದೂ ಇಲ್ಲ.

ಎಲ್ಲರಿಗೂ ಒಂದೇ ಮಾತು ಹೇಳುವ ಬದಲು ಕೆಲವೇ ಗಿರಾಕಿಗಳನ್ನು ಹೆಸರು ಹಿಡಿದು ಆರಿಸಿ, ಒಬ್ಬೊಬ್ಬರಿಗೂ ಅವರದೇ ಮಾತು ಹೇಳುವುದಕ್ಕೆ ಮಾರಾಟ ಜಗತ್ತಿನಲ್ಲಿ ‘ಅಕೌಂಟ್ ಬೇಸ್ಡ್ ಮಾರ್ಕೆಟಿಂಗ್’ ಎನ್ನುತ್ತಾರೆ. ಹೆಸರು 2000ದ ದಶಕದಲ್ಲಿ ದೊಡ್ಡ ಸಾಫ್ಟ್‌ವೇರ್ ಮತ್ತು ಸಲಹಾ ಕಂಪನಿಗಳ ನಡುವೆ ಚಾಲ್ತಿಗೆ ಬಂತು. ಆ ಲೋಕದ ಪುಸ್ತಕಗಳು ಜಾಹೀರಾತು, ವೆಬ್‌ಸೈಟು, ಮೇಲ್‌ಗಳ ಬಗ್ಗೆ ಬಹಳ ಹೇಳುತ್ತವೆ. ಲೇಥ್ ಇಟ್ಟವರು ಶುರು ಮಾಡಬೇಕಾದದ್ದು ಬೇರೆ ಕಡೆಯಿಂದ, ಯಂತ್ರದ ಗಂಟೆಯಿಂದ.

ಅದಕ್ಕೂ ಮುಂಚೆ ಊರಿನ ಒಂದು ಹಳೆಯ ಸಂಗತಿ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾಯಿತು. ಅಲ್ಲಿ ತಯಾರಾದ ಲೇಥುಗಳು ದೇಶದ ಎಷ್ಟೋ ಗ್ಯಾರೇಜು, ಐಟಿಐಗಳಲ್ಲಿ ಇವತ್ತಿಗೂ ತಿರುಗುತ್ತಿವೆ. ಊರಿಗೆ ಟರ್ನರ್, ಫಿಟ್ಟರ್‌ಗಳ ಕಸುಬು ಬಂದದ್ದೇ ಅದರಿಂದ. ಸುತ್ತ ಸಣ್ಣ ಶೆಡ್ಡುಗಳೂ ಹುಟ್ಟಿಕೊಂಡವು. ಹೊಸ ಶತಮಾನ ಶುರುವಾಗುವ ಹೊತ್ತಿಗೆ ಕಾರ್ಖಾನೆ ಬಾಗಿಲು ಹಾಕಿತು. ಕಸುಬು ಉಳಿಯಿತು, ಗಿರಾಕಿ ಹೋದ. ಇನ್ನೊಂದು ಕೊರತೆಯೂ ಬಯಲಾಯಿತು: ಗಿರಾಕಿಯನ್ನು ಹುಡುಕಿಕೊಂಡು ಹೋಗುವ ಅಭ್ಯಾಸ ಇಲ್ಲಿ ಬೆಳೆದೇ ಇರಲಿಲ್ಲ, ಗೇಟಿನ ಹತ್ತಿರ ಹೋಗಿ ನಿಂತರೆ ಕೆಲಸ ಸಿಗುತ್ತಿತ್ತು.

ಈಗ ಗಂಟೆಯ ಲೆಕ್ಕ. ನಾಲ್ಕು ಯಂತ್ರ, ದಿನಕ್ಕೆ ಹದಿನಾರು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನ ಎಂದರೆ 1,600 ಗಂಟೆ. ಸೆಟ್ಟಿಂಗು, ಕರೆಂಟು ಹೋಗುವುದು, ಟೂಲ್ ಬದಲಾವಣೆ, ರಜೆ ಎಲ್ಲ ಕಳೆದು ಮುಕ್ಕಾಲು ಪಾಲು ಸಿಕ್ಕಿದರೆ 1,200. ಈಗಿನ ಇಬ್ಬರು ಗಿರಾಕಿಗಳು 900 ಗಂಟೆ ತಿನ್ನುತ್ತಾರೆ. ಉಳಿಯುವುದು 300.

ಹನ್ನೆರಡು ನಿಮಿಷ ಹಿಡಿಯುವ ಒಂದು ಬುಷ್ ತೆಗೆದುಕೊಳ್ಳಿ. ಗಂಟೆಗೆ ಐದು, ಮುನ್ನೂರು ಗಂಟೆಗೆ 1,500. ದೊಡ್ಡ ಕಾರ್ಖಾನೆಗೆ ಒಂದೇ ನಮೂನೆಯ ಬುಷ್ ತಿಂಗಳಿಗೆ 1,500 ಬೇಕಾಗುವುದು ವಿಶೇಷವೇನಲ್ಲ. ಅಂದರೆ ಒಬ್ಬನೇ ಗಿರಾಕಿಯ ಒಂದೇ ಪಾರ್ಟು ನಿಮ್ಮ ಖಾಲಿ ಸಮಯವನ್ನೆಲ್ಲ ನುಂಗಿಬಿಡುತ್ತದೆ. ಇಪ್ಪತ್ತು ಜನರೂ ಹೂಂ ಅಂದುಬಿಟ್ಟರೆ ನೀವು ಊರು ಬಿಟ್ಟು ಓಡಬೇಕಾಗುತ್ತದೆ. ಹಾಗಾಗಿ ಈ ಯೋಜನೆಯ ಗುರಿ ಇಪ್ಪತ್ತು ಆರ್ಡರ್ ಅಲ್ಲ. ಇಪ್ಪತ್ತು ಹೆಸರಿನಲ್ಲಿ ಮೊದಲ ವರ್ಷ ಎರಡು ಪಾರ್ಟು ಗೆದ್ದರೆ ಯೋಜನೆ ಗೆದ್ದಂತೆ. ಈ ಲೆಕ್ಕ ಮಾಡದೆ ಹೊರಟವರು ಮೂರು ಕಡೆ ಸ್ಯಾಂಪಲ್ ಪಾಸಾದ ಮೇಲೆ ಸಪ್ಲೈ ಮಾಡಲಾಗದೆ ಹೆಸರು ಕೆಡಿಸಿಕೊಳ್ಳುತ್ತಾರೆ. ದೊಡ್ಡ ಕಂಪನಿಯ ಸಪ್ಲೈಯರ್ ರೇಟಿಂಗ್‌ನಲ್ಲಿ ಒಮ್ಮೆ ಕೆಳಗಿಳಿದರೆ ಮತ್ತೆ ಮೇಲೇರುವುದು ಬಲು ನಿಧಾನ.

ಇನ್ನು ಇಪ್ಪತ್ತು ಹೆಸರು ಆರಿಸುವುದು. ‘ಯಾರು ದೊಡ್ಡವರು’ ಎಂದು ಕೇಳಿಕೊಂಡರೆ ಪಟ್ಟಿ ಹಾಳಾಗುತ್ತದೆ. ‘ನಮ್ಮ ಯಂತ್ರ ಸುಲಭವಾಗಿ ಮಾಡುವ ಪಾರ್ಟನ್ನು ಯಾರು ಕೊಳ್ಳುತ್ತಾರೆ’ ಎಂದು ಕೇಳಿಕೊಳ್ಳಬೇಕು. ನಮ್ಮ ಉದಾಹರಣೆಯ ವರ್ಕ್‌ಶಾಪ್ 40ರಿಂದ 180 ಮಿ.ಮೀ. ವ್ಯಾಸದ ಉಕ್ಕಿನ ಬುಷ್, ಪಿನ್‌ಗಳನ್ನು ಚೆನ್ನಾಗಿ ಮಾಡುತ್ತದೆ. ಅಂಥದ್ದು ಎಲ್ಲಿ ಬೇಕು? ಮಣ್ಣು ಅಗೆಯುವ ಯಂತ್ರಗಳಲ್ಲಿ, ಕೀಲು ಇರುವ ಪ್ರತಿಯೊಂದು ಕಡೆ. ಹೈಡ್ರಾಲಿಕ್ ಸಿಲಿಂಡರ್‌ಗಳ ಎರಡೂ ತುದಿಯಲ್ಲಿ.

ಹೀಗೆ ನೋಡಿದರೆ ಹೆದ್ದಾರಿ 48ರ ಎರಡೂ ದಿಕ್ಕಿನಲ್ಲಿ ಹೆಸರುಗಳು ಕಾಣುತ್ತವೆ. ಉತ್ತರಕ್ಕೆ ಧಾರವಾಡದಲ್ಲಿ ಟಾಟಾ ಹಿಟಾಚಿ. ದಕ್ಷಿಣಕ್ಕೆ ಬೆಂಗಳೂರಿನ ಪೀಣ್ಯದಲ್ಲಿ ವೋಲ್ವೋದ ನಿರ್ಮಾಣ ಯಂತ್ರ ವಿಭಾಗ, ಕೆಜಿಎಫ್‌ನಲ್ಲಿ ಬಿಇಎಂಎಲ್. ಸಿಲಿಂಡರ್ ಮಾಡುವವರಲ್ಲಿ ಪೀಣ್ಯ ಮತ್ತು ಹಿಂದೂಪುರದ ವಿಪ್ರೊ ಹೈಡ್ರಾಲಿಕ್ಸ್. ಇವರು ನಿಮ್ಮಿಂದ ಕೊಳ್ಳುತ್ತಾರೆ ಎಂದು ಹೇಳುತ್ತಿಲ್ಲ, ಪಟ್ಟಿಯಲ್ಲಿಟ್ಟು ವಿಚಾರಿಸಬಹುದಾದ ಹೆಸರುಗಳು, ಅಷ್ಟೆ. ನನ್ನನ್ನು ಕೇಳಿದರೆ ಪೂರ್ತಿ ಯಂತ್ರ ಮಾಡುವವರಿಗಿಂತ ಸಿಲಿಂಡರ್, ಆಕ್ಸಲ್‌ನಂಥ ಜೋಡಣೆಗಳನ್ನು ಮಾಡಿ ಅವರಿಗೆ ಕೊಡುವ ಕಂಪನಿಗಳೇ ಪಟ್ಟಿಯಲ್ಲಿ ಹೆಚ್ಚಿರಬೇಕು. ಎಕ್ಸ್‌ಕವೇಟರ್ ಮಾಡುವ ಕಂಪನಿ ಹದಿನೆಂಟು ಜನರ ಶೆಡ್ಡಿನಿಂದ ನೇರವಾಗಿ ಕೊಳ್ಳುವುದು ಅಪರೂಪ. ಅದಕ್ಕೆ ಸಿಲಿಂಡರ್ ಕೊಡುವವರು ಕೊಳ್ಳುತ್ತಾರೆ.

ಹೊಳೆಯ ಆಚೆ ದಡದಲ್ಲೇ, ಕುಮಾರಪಟ್ಟಣದಲ್ಲಿ, ಹರಿಹರ ಪಾಲಿಫೈಬರ್ಸ್ ಇದೆ. ಕೊಪ್ಪಳದ ಹತ್ತಿರ ಕಿರ್ಲೋಸ್ಕರ್ ಫೆರಸ್, ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು. ಇವೂ ದೊಡ್ಡವೇ. ಆದರೆ ಇವರ ವ್ಯಾಪಾರದ ಜಾತಿಯೇ ಬೇರೆ. ಇಂಥ ಪ್ಲಾಂಟುಗಳಿಗೆ ಬೇಕಾದದ್ದು ಮೆಂಟೆನೆನ್ಸ್‌ನ ಬಿಡಿಭಾಗ. ಒಂದು, ಎರಡು, ಹೆಚ್ಚೆಂದರೆ ಹತ್ತು. ಎಷ್ಟೋ ಸಲ ಡ್ರಾಯಿಂಗೇ ಇರುವುದಿಲ್ಲ, ಸವೆದ ಹಳೆಯ ಪಾರ್ಟನ್ನು ಕೈಗಿಟ್ಟು ‘ಹಿಂಗಽ ಮಾಡಿಕೊಡ್ರಿ’ ಅನ್ನುತ್ತಾರೆ. ಸವೆದ ಬುಷ್‌ನಿಂದ ಮೂಲ ಅಳತೆ ಊಹಿಸುವ ಹಳೆಯ ಕೈಗಳು ಹರಿಹರದಲ್ಲಿ ಇನ್ನೂ ಇವೆ, ಅದು ನಿಮ್ಮ ಬಲ. ರೇಟೂ ಚೆನ್ನಾಗಿ ಸಿಗುತ್ತದೆ. ಇಪ್ಪತ್ತರಲ್ಲಿ ನಾಲ್ಕು ಇಂಥವು ಇರಲಿ, ಆದರೆ ಅದನ್ನು ಸಿಎನ್‌ಸಿಯ ಮುನ್ನೂರು ಗಂಟೆಗೆ ಸೇರಿಸಬೇಡಿ, ಮೂಲೆಯ ಹಳೆಯ ಲೇಥಿಗೆ ಬಿಡಿ. ಬಿಡಿ ಕೆಲಸಕ್ಕಾಗಿ ಸಿಎನ್‌ಸಿ ಸೆಟ್ಟಿಂಗ್ ಪದೇ ಪದೇ ಬದಲಿಸಿದರೆ ಎರಡೂ ವ್ಯಾಪಾರ ಕೆಡುತ್ತವೆ.

ಇಪ್ಪತ್ತಕ್ಕೂ ಒಂದೇ ಸಮ ಶ್ರಮ ಹಾಕಲು ಮಾಲೀಕರೊಬ್ಬರಿಂದ ಆಗದು. ನಾಲ್ಕು ಹೆಸರನ್ನು ಆಳವಾಗಿ ಹಿಡಿಯಿರಿ, ಆರು ಹೆಸರಿನ ಜೊತೆ ಮಾತು ಇಟ್ಟುಕೊಳ್ಳಿ, ಉಳಿದ ಹತ್ತರ ಮೇಲೆ ಕಣ್ಣಿಟ್ಟಿರಿ. ಮೂರು ತಿಂಗಳಿಗೊಮ್ಮೆ ಮೇಲೆ ಕೆಳಗೆ ಮಾಡಿ. ಇನ್ನು ಮುಂದಿನದೆಲ್ಲ ಆ ನಾಲ್ವರ ಬಗ್ಗೆ.

ಮೊದಲನೆಯ ಹೆಸರು ಒಂದು ಸಿಲಿಂಡರ್ ಕಂಪನಿ ಎನ್ನೋಣ. ‘ಕಂಪನಿ’ ಎಂಬುದು ಏನನ್ನೂ ಕೊಳ್ಳುವುದಿಲ್ಲ, ಒಳಗಿನ ನಾಲ್ಕೈದು ಜನ ಕೊಳ್ಳುತ್ತಾರೆ. ಪರ್ಚೇಸ್‌ನವರಿಗೆ ರೇಟು ಇಳಿಯಬೇಕು. ಸಪ್ಲೈಯರ್ ಕ್ವಾಲಿಟಿ ಎಂಜಿನಿಯರಿಗೆ ರಾತ್ರಿ ನಿದ್ದೆ ಬರಬೇಕು, ಹೊಸ ಸಪ್ಲೈಯರ್ ಎಂದರೆ ಅವರಿಗೆ ಹೊಸ ತಲೆನೋವು. ಡಿಸೈನ್‌ನವರು ಡ್ರಾಯಿಂಗ್ ಮುಟ್ಟಲು ಬಿಡುವುದಿಲ್ಲ. ಅಸೆಂಬ್ಲಿ ಲೈನಿನವರಿಗೆ ಮಾಲು ಹೊತ್ತಿಗೆ ಸರಿಯಾಗಿ ಬರಬೇಕು. ನಮ್ಮವರು ಸಾಮಾನ್ಯವಾಗಿ ಪರ್ಚೇಸ್‌ನವರೊಬ್ಬರಿಗೇ ಫೋನ್ ಮಾಡುತ್ತಾರೆ. ಅವರಿಗೆ ದಿನಕ್ಕೆ ಇಂಥ ಹತ್ತು ಫೋನು.

ಎಲ್ಲರನ್ನೂ ಒಂದೇ ಪಾರ್ಟಿನ ಮೂಲಕ ಹೇಗೆ ಮುಟ್ಟಬಹುದು, ಲೆಕ್ಕ ಹಾಕಿ ನೋಡೋಣ. ಬುಷ್‌ನ ಹೊರ ವ್ಯಾಸ 90 ಮಿ.ಮೀ., ಒಳ ವ್ಯಾಸ 70, ಉದ್ದ 80. ತಯಾರಾದ ಬುಷ್‌ನ ತೂಕ ಸುಮಾರು 1.58 ಕೆ.ಜಿ. ಅದನ್ನು 95 ಮಿ.ಮೀ. ಗಟ್ಟಿ ಬಾರ್‌ನಿಂದ 84 ಮಿ.ಮೀ. ತುಂಡು ಕತ್ತರಿಸಿ ಮಾಡಿದರೆ 4.67 ಕೆ.ಜಿ. ಉಕ್ಕು ಬೇಕು, ಮೂರನೇ ಎರಡು ಪಾಲು ಚಿಪ್ಸ್ ಆಗಿ ಹೋಗುತ್ತದೆ. ಒಳಗೆ 65 ಮಿ.ಮೀ. ತೂತಿರುವ ದಪ್ಪ ಟ್ಯೂಬಿನಿಂದ ಮಾಡಿದರೆ 2.49 ಕೆ.ಜಿ. ಸಾಕು.

‘ಅರ್ಧದಷ್ಟು ಉಕ್ಕು ಉಳಿಸುತ್ತೇವೆ’ ಎಂದು ಪತ್ರ ಬರೆದುಬಿಡುವ ಆಸೆ ಬರುತ್ತದೆ. ತಡೆಯಿರಿ. ಬಾರ್ ಕಿಲೋಗೆ 80 ರೂಪಾಯಿ, ಟ್ಯೂಬ್ 120, ಚಿಪ್ಸ್ ಮಾರಿದರೆ 25 ಎಂದು ಹಿಡಿಯೋಣ (ನಿಮ್ಮ ದಿನದ ದರ ಹಾಕಿಕೊಳ್ಳಿ). ಬಾರ್‌ಗೆ 374 ರೂಪಾಯಿ, ಚಿಪ್ಸ್‌ನಿಂದ 77 ವಾಪಸು, ನಿಂತದ್ದು 297. ಟ್ಯೂಬಿಗೆ 299, ಚಿಪ್ಸ್‌ನಿಂದ 23 ವಾಪಸು, ನಿಂತದ್ದು 276. ಅಷ್ಟೆಲ್ಲ ಉಕ್ಕು ಉಳಿಸಿ ಸಿಕ್ಕಿದ್ದು ಇಪ್ಪತ್ತೊಂದು ರೂಪಾಯಿ! ಟ್ಯೂಬ್ ದರ ಸ್ವಲ್ಪ ಏರಿದರೆ ಅದೂ ಇಲ್ಲ.

ನಿಜವಾದ ಲಾಭ ಬೇರೆಲ್ಲೋ ಇದೆ. ಗಟ್ಟಿ ಬಾರಿಗೆ ತೂತು ಹೊಡೆಯುವ ಮೂರು ನಿಮಿಷ ಉಳಿಯಿತು. ಯಂತ್ರದ ಗಂಟೆಗೆ 600 ರೂಪಾಯಿ ಎಂದರೆ ಮೂವತ್ತು ರೂಪಾಯಿ. ಅದಕ್ಕಿಂತ ಮುಖ್ಯವಾಗಿ ಹನ್ನೆರಡು ನಿಮಿಷದ ಕೆಲಸ ಒಂಬತ್ತಕ್ಕೆ ಇಳಿದು, ಅದೇ ಮುನ್ನೂರು ಗಂಟೆಯಲ್ಲಿ 1,500ರ ಬದಲು 2,000 ಬುಷ್ ಬರುತ್ತದೆ. ಒಟ್ಟು ಉಳಿತಾಯ ಬುಷ್‌ಗೆ ಸುಮಾರು ಐವತ್ತು. ಅದರಲ್ಲಿ ಇಪ್ಪತ್ತನ್ನು ಗಿರಾಕಿಗೆ ಕೊಟ್ಟರೂ ಪರ್ಚೇಸ್‌ನವರ ಕಿವಿ ನೆಟ್ಟಗಾಗುತ್ತದೆ.

ಆದರೆ ಕಚ್ಚಾ ಮಾಲು ಬದಲಿಸಲು ಡಿಸೈನ್‌ನವರ ಒಪ್ಪಿಗೆ ಬೇಕು. ಅದೇ ಗ್ರೇಡಿನ ಟ್ಯೂಬ್ ಸಿಗುತ್ತದೆಯೇ, ಇಂಡಕ್ಷನ್ ಹಾರ್ಡನಿಂಗ್ ಆದ ಮೇಲೆ ಗಡಸುತನ ಎಷ್ಟು ಆಳಕ್ಕೆ ಇಳಿಯುತ್ತದೆ ಎಂದು ಅವರು ಕೇಳುತ್ತಾರೆ. ಕ್ವಾಲಿಟಿಯವರು ಮಿಲ್‌ನ ಟೆಸ್ಟ್ ಸರ್ಟಿಫಿಕೇಟ್ ಕೇಳುತ್ತಾರೆ. ಹೀಗೆ ಒಂದು ಪ್ರಸ್ತಾಪ ನಾಲ್ಕೂ ಮೇಜುಗಳನ್ನು ಮುಟ್ಟುತ್ತದೆ. ನಲವತ್ತು ಪುಟದ ಪ್ರೊಫೈಲ್ ಮಾಡಲಾರದ ಕೆಲಸ ಈ ಒಂದು ಹಾಳೆ ಮಾಡುತ್ತದೆ. ಅದರಲ್ಲಿ ಪಾರ್ಟಿನ ಜಾತಿ, ನಾವು ಹಿಡಿಯಬಲ್ಲ ಅಳತೆ, ಯಾವ ಯಂತ್ರ, ಯಾವ ಗೇಜು, ಈಗ ಮಾಡುತ್ತಿರುವ ಇಂಥದೇ ಪಾರ್ಟಿನ ಐವತ್ತು ತುಂಡುಗಳ ಅಳತೆ ಇರಲಿ, ಕೆಳಗೆ ಟ್ಯೂಬಿನ ಲೆಕ್ಕ. ಈಗಿನ ಗಿರಾಕಿಯ ಡ್ರಾಯಿಂಗ್ ಮಾತ್ರ ತೋರಿಸಬೇಡಿ. ಒಬ್ಬರ ಡ್ರಾಯಿಂಗ್ ಇನ್ನೊಬ್ಬರಿಗೆ ತೋರಿಸಿದವರು ನಾಳೆ ತಮ್ಮದನ್ನೂ ತೋರಿಸುತ್ತಾರೆ ಎಂಬುದು ಅವರಿಗೆ ಗೊತ್ತು.

ಗಿರಾಕಿಯ ಪಾರ್ಟು ನೋಡದೆ ಈ ಲೆಕ್ಕ ಮಾಡುವುದು ಹೇಗೆ? ಬುಷ್‌ಗಳು ಬಜಾರಿನಲ್ಲಿ ಬಿಡಿಭಾಗವಾಗಿ ಸಿಗುತ್ತವೆ, ಯಂತ್ರ ರಿಪೇರಿ ಮಾಡುವ ಶೆಡ್ಡುಗಳಲ್ಲಿ ಬಿಚ್ಚಿ ಬಿದ್ದಿರುತ್ತವೆ. ಗಡಸುತನ, ವ್ಯಾಸ ಅಳೆದರೆ ಅರ್ಧ ಉತ್ತರ ಅಲ್ಲೇ ಇದೆ. ಜನರನ್ನು ನೋಡಲು ಬೆಂಗಳೂರಿನ ತುಮಕೂರು ರಸ್ತೆಯ ಬಿಐಇಸಿಯ ಎರಡು ಮೇಳಗಳಿವೆ: ಜನವರಿಯ ಇಮ್‌ಟೆಕ್ಸ್, ಎರಡು ವರ್ಷಕ್ಕೊಮ್ಮೆ ಬರುವ ನಿರ್ಮಾಣ ಯಂತ್ರಗಳ ಎಕ್ಸ್‌ಕಾನ್. ಅಲ್ಲಿ ಸ್ಟಾಲ್ ಹಾಕಿ ದುಡ್ಡು ಕಳೆಯುವ ಅಗತ್ಯವಿಲ್ಲ. ಪಟ್ಟಿಯ ನಾಲ್ಕು ಕಂಪನಿಗಳ ಸ್ಟಾಲಿಗೆ ಹೋಗಿ ಯಂತ್ರದ ಕೀಲುಗಳ ಹತ್ತಿರ ಬಗ್ಗಿ ನೋಡಿ, ಅಲ್ಲಿ ನಿಂತ ಎಂಜಿನಿಯರ್ ಜೊತೆ ಬುಷ್ ಸವೆತದ ಬಗ್ಗೆ ಮಾತಾಡಿ. ಮಾರಾಟದವರಿಗಿಂತ ಸರ್ವಿಸ್‌ನವರು ಹೆಚ್ಚು ಹೇಳುತ್ತಾರೆ.

ಮೊದಲ ಪತ್ರ ಕ್ವಾಲಿಟಿ ಅಥವಾ ಸಪ್ಲೈಯರ್ ಡೆವಲಪ್‌ಮೆಂಟ್‌ನವರಿಗೆ ಹೋಗಲಿ, ಪ್ರತಿ ಪರ್ಚೇಸ್‌ಗೆ. ಹತ್ತು ದಿನ ಬಿಟ್ಟು ಒಂದು ಫೋನು. ಮೂರು ವಾರ ಬಿಟ್ಟು ಹೊಸದೇನಾದರೂ ಇದ್ದರೆ ಮಾತ್ರ ಇನ್ನೊಂದು ಪತ್ರ. ‘ಸಾರ್, ಏನಾಯ್ತು’ ಎಂದು ದಿನಾ ವಾಟ್ಸಾಪ್ ಹಾಕುವವರ ನಂಬರು ಮ್ಯೂಟ್ ಆಗುತ್ತದೆ. ಮೊದಲ ಪತ್ರದಿಂದ ನಿಯಮಿತ ಸಪ್ಲೈವರೆಗೆ ಒಂದು ವರ್ಷ ಹಿಡಿದರೆ ಆಶ್ಚರ್ಯಪಡಬೇಡಿ. ಮಧ್ಯೆ ಕೊಟೇಶನ್, ಸ್ಯಾಂಪಲ್, ಆಡಿಟ್, ಪಿಪಿಎಪಿ ಎಂಬ ದಾಖಲೆಗಳ ಕಂತೆ, ಟ್ರಯಲ್ ಲಾಟ್ ಇವೆ. ಪಟ್ಟಿಯಲ್ಲಿ ವಾಹನ ಉದ್ಯಮದವರಿದ್ದರೆ ಐಎಟಿಎಫ್ 16949 ಕೇಳುತ್ತಾರೆ, ಕನಿಷ್ಠ ಐಎಸ್‌ಒ 9001 ಅಂತೂ ಇರಲೇಬೇಕು. ಅದಿಲ್ಲದಿದ್ದರೆ ಪಟ್ಟಿ ಬರೆಯುವ ಮೊದಲು ಅದನ್ನು ಮಾಡಿಸಿ.

ಆಡಿಟ್ ದಿನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಹೆಚ್ಚಿನವರು ಬೀಳುವುದು ಅಲ್ಲೇ. ಬೆಂಗಳೂರಿನವರಿಗೆ ಹರಿಹರ ಎಂದರೆ ದೂರ ಎಂಬ ಭಾವನೆ. 2023ರಿಂದ ಓಡುತ್ತಿರುವ ಬೆಂಗಳೂರು–ಧಾರವಾಡ ವಂದೇ ಭಾರತ್ ದಾವಣಗೆರೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಬಂದು ಆಡಿಟ್ ಮುಗಿಸಿ ಅದೇ ದಿನ ವಾಪಸಾಗಬಹುದು. ಇದನ್ನು ಪತ್ರದಲ್ಲೇ ಬರೆಯಿರಿ. ಸ್ಟೇಷನ್ನಿಗೆ ಕಾರು ಕಳಿಸಿ, ಬೆಣ್ಣೆ ದೋಸೆ ತಿನ್ನಿಸಿ, ಆದರೆ ಹೆಚ್ಚು ಹೊತ್ತು ಶೆಡ್ಡಿನಲ್ಲಿರಲಿ.

ಅವರು ನೋಡುವುದು ಏನು? ನಮ್ಮ ಬುಷ್‌ನ 70 ಮಿ.ಮೀ. ಬೋರಿಗೆ ಎಚ್7 ಟಾಲರೆನ್ಸ್, ಅಂದರೆ 70.000ರಿಂದ 70.030ರವರೆಗೆ ಮೂವತ್ತು ಮೈಕ್ರಾನ್ ಜಾಗ. ಹೊಸ ಪಾರ್ಟಿಗೆ ಕ್ವಾಲಿಟಿಯವರು ಸಾಮಾನ್ಯವಾಗಿ ಕೇಳುವ ಸಿಪಿಕೆ 1.67 ಬರಬೇಕಾದರೆ ನಿಮ್ಮ ತುಂಡುಗಳು ಹೆಚ್ಚೂಕಡಿಮೆ ಹದಿನೆಂಟು ಮೈಕ್ರಾನ್‌ನೊಳಗೆ, ಅದೂ ನಟ್ಟನಡುವೆ ಕೂರಬೇಕು. ಇದು ಕೆಲವರಿಗೆ ಗೊತ್ತು. ಗೊತ್ತಿಲ್ಲದ್ದು ಇನ್ನೊಂದು.

ಬುಷ್‌ನ ಗೋಡೆ ಹತ್ತೇ ಮಿ.ಮೀ. ಮೂರು ದವಡೆಯ ಚಕ್ಕಿನಲ್ಲಿ ಬಿಗಿಯಾಗಿ ಹಿಡಿದು ಬೋರ್ ಮಾಡಿದರೆ, ಬಿಟ್ಟ ತಕ್ಷಣ ಅದು ಹಿಂದಕ್ಕೆ ಹಿಗ್ಗಿ ಬೋರು ಮೂರು ಮೂಲೆಯಾಗುತ್ತದೆ, ಕಣ್ಣಿಗೆ ಕಾಣದಷ್ಟು. ಎರಡು ಬಿಂದುವಿನಲ್ಲಿ ಅಳೆಯುವ ಸಾಮಾನ್ಯ ಬೋರ್ ಗೇಜಿಗೆ ಇದು ಗೊತ್ತೇ ಆಗುವುದಿಲ್ಲ. ಒಂದು ಕಡೆ ಉಬ್ಬಿದ್ದರೆ ಎದುರುಗಡೆ ತಗ್ಗಿರುತ್ತದೆ, ಹೇಗೆ ತಿರುಗಿಸಿದರೂ ವ್ಯಾಸ ಒಂದೇ ತೋರಿಸುತ್ತದೆ. ರಿಪೋರ್ಟಿನಲ್ಲಿ ಎಲ್ಲ ಸರಿ, ಗಿರಾಕಿಯ ಪ್ಲಗ್ ಗೇಜು ಮಾತ್ರ ಒಳಗೆ ಹೋಗುವುದಿಲ್ಲ. ಸ್ಯಾಂಪಲ್ ವಾಪಸು. ‘ನಮ್ಮಲ್ಲಿ ಸರಿ ಇತ್ತು’ ಎಂದು ವಾದ ಮಾಡಿದಿರೋ, ಆ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಬಹುದು. ಪತ್ತೆ ಹಚ್ಚಲು ಮೂರು ಬಿಂದುವಿನ ಮೈಕ್ರೊಮೀಟರ್ ಸಾಕು. ತಪ್ಪಿಸಲು ಬುಷ್‌ನ ಸುತ್ತಳತೆಗೆ ಸರಿಯಾಗಿ ಬೋರ್ ಮಾಡಿದ ಅಗಲ ಸಾಫ್ಟ್ ಜಾ ಬಳಸಿ, ಕೊನೆಯ ಕಟ್ಟಿಗೆ ಮುಂಚೆ ಚಕ್ ಒತ್ತಡ ಇಳಿಸಿ. ಸಿಎಂಎಂ ಅಳತೆ ಬೇಕಾದರೆ ಊರಿನ ಜಿಟಿಟಿಸಿಯಲ್ಲಿ ವಿಚಾರಿಸಿ. ಅಳತೆಯ ಅಧ್ಯಯನಕ್ಕೆ ದಾವಣಗೆರೆಯ ಯುಬಿಡಿಟಿ, ಬಿಐಇಟಿಯ ಕೊನೆಯ ವರ್ಷದ ಮೆಕ್ಯಾನಿಕಲ್ ಹುಡುಗರು ಪ್ರಾಜೆಕ್ಟ್ ಎಂದು ಬರುತ್ತಾರೆ. ಆಡಿಟರ್ ಕೇಳುವ ಮೊದಲೇ ‘ಮೂರು ಮೂಲೆ ಆಗದಂತೆ ಹೀಗೆ ಹಿಡಿಯುತ್ತೇವೆ’ ಎಂದು ಆಪರೇಟರೇ ತೋರಿಸಿದರೆ ಅದಕ್ಕಿಂತ ದೊಡ್ಡ ಮಾರ್ಕೆಟಿಂಗ್ ಬೇಡ.

ಇಷ್ಟಾಗಿಯೂ ಮೋಸ ಹೋಗುವ ಒಂದು ಜಾಗವಿದೆ. ಕೊಟೇಶನ್ ಕೇಳಿದ ಮಾತ್ರಕ್ಕೆ ಆರ್ಡರ್ ಬಂತೆಂದು ಹಿಗ್ಗಬೇಡಿ. ಹಳೆಯ ಸಪ್ಲೈಯರ್ ರೇಟು ಇಳಿಸಲು ನಿಮ್ಮ ರೇಟು ತೋರಿಸುವುದು ಹಳೆಯ ಆಟ. ಗುರುತಿಸುವುದು ಕಷ್ಟವಲ್ಲ: ವರ್ಷಕ್ಕೆ ಎಷ್ಟು ಬೇಕು ಎಂದು ಹೇಳುವುದಿಲ್ಲ, ಡ್ರಾಯಿಂಗಿನಲ್ಲಿ ರಿವಿಷನ್ ನಂಬರು ಇರುವುದಿಲ್ಲ, ಕ್ವಾಲಿಟಿಯವರ ಹೆಸರು ಎಲ್ಲೂ ಬರುವುದಿಲ್ಲ, ಸ್ಯಾಂಪಲ್ ಕೇಳುವುದಿಲ್ಲ, ‘ನಾಳೆಯೊಳಗೆ ರೇಟು ಕಳಿಸಿ’ ಎಂಬ ಅವಸರ. ಮೊದಲ ಸಲ ಕೊಡಿ. ಎರಡನೆಯ ಸಲವೂ ಹಾಗೇ ಆದರೆ ಆ ಹೆಸರು ನಾಲ್ಕರಿಂದ ಕೆಳಗಿಳಿದು ಹತ್ತರ ಸಾಲಿಗೆ ಹೋಗಲಿ.

ಕೊನೆಗೆ ದುಡ್ಡು. ಬುಷ್‌ಗೆ 450 ರೂಪಾಯಿಯಂತೆ ತಿಂಗಳಿಗೆ 1,500 ಎಂದರೆ 6.75 ಲಕ್ಷ. ಹಣ ಬರಲು ತೊಂಬತ್ತು ದಿನವಾದರೆ ಇಪ್ಪತ್ತು ಲಕ್ಷ ಹೊರಗೆ ಸಿಕ್ಕಿಬಿದ್ದಿರುತ್ತದೆ, ಟ್ಯೂಬ್ ಕೊಳ್ಳಲು ಹಾಕಿದ ನಾಲ್ಕೂವರೆ ಲಕ್ಷ ಬೇರೆ. ಗೆದ್ದ ಆರ್ಡರೇ ವರ್ಕ್‌ಶಾಪನ್ನು ಮುಳುಗಿಸುವುದು ಹೀಗೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ಯಮಕ್ಕೆ ಕೊಳ್ಳುವವರು ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ. ಆದರೆ ನಿನ್ನೆ ಗೆದ್ದ ಗಿರಾಕಿಯ ಮೇಲೆ ಇವತ್ತು ದೂರು ಕೊಡುವವರು ಯಾರು? ಹೆಚ್ಚು ಉಪಯೋಗಕ್ಕೆ ಬರುವ ದಾರಿ ಟ್ರೆಡ್ಸ್. ನಿಮ್ಮ ಬಿಲ್ಲನ್ನು ಗಿರಾಕಿ ಅಲ್ಲಿ ಒಪ್ಪಿಕೊಂಡರೆ ಬ್ಯಾಂಕೊಂದು ಸ್ವಲ್ಪ ಕಡಿತ ಮಾಡಿ ತಕ್ಷಣ ಹಣ ಕೊಡುತ್ತದೆ, ಆಮೇಲೆ ಗಿರಾಕಿಯಿಂದ ವಸೂಲು ಮಾಡಿಕೊಳ್ಳುವುದು ಬ್ಯಾಂಕಿನ ಪಾಡು. 250 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪನಿಗಳು ಅದರಲ್ಲಿ ನೋಂದಾಯಿಸಲೇಬೇಕೆಂದು 2024ರ ನವೆಂಬರಿನಲ್ಲಿ ಕೇಂದ್ರ ಆದೇಶಿಸಿದೆ. ನೋಂದಾಯಿಸಿಕೊಂಡವರೆಲ್ಲ ಬಿಲ್ಲನ್ನು ಅಲ್ಲಿ ಒಪ್ಪುತ್ತಾರೆಂದಲ್ಲ. ಹಾಗಾಗಿ ಕೊಟೇಶನ್‌ನಲ್ಲೇ ‘ಹಣ ಟ್ರೆಡ್ಸ್ ಮೂಲಕ’ ಎಂಬ ಸಾಲು ಬರೆಯಿರಿ, ನಿಮ್ಮ ಉದ್ಯಮ್ ನೋಂದಣಿ ಸಂಖ್ಯೆ ಬಿಲ್ಲಿನ ಮೇಲೆ ಇರಲಿ. ಬಿಇಎಂಎಲ್‌ನಂಥ ಸರ್ಕಾರಿ ಉದ್ಯಮಗಳಿಗೆ ವರ್ಷದ ಖರೀದಿಯಲ್ಲಿ ಕಾಲು ಭಾಗ ಅತಿಸಣ್ಣ ಮತ್ತು ಸಣ್ಣ ಉದ್ಯಮಗಳಿಂದ ಆಗಬೇಕೆಂಬ ನಿಯಮವೂ ಇದೆ, ಅಲ್ಲಿಗೆ ದಾರಿ ಟೆಂಡರ್‌ನದು, ತಾಳ್ಮೆಯೂ ಬೇರೆಯದೇ ಬೇಕು.

ಗೋಡೆಯ ಮೇಲೆ ಪಟ್ಟಿ ಅಂಟಿಸುವಾಗ ಪ್ರತಿ ಹೆಸರಿನ ಮುಂದೆ ನಾಲ್ಕು ಮನೆ ಬಿಡಿ: ಯಾವ ಪಾರ್ಟು, ಒಳಗೆ ಯಾರ ಜೊತೆ ಮಾತಾಯಿತು, ಮುಂದೇನು ಯಾವ ತಾರೀಖಿಗೆ. ನಾಲ್ಕನೆಯ ಮನೆಯಲ್ಲಿ, ಆರ್ಡರ್ ಬಂದರೆ ಎಷ್ಟು ಗಂಟೆ ಬೇಕು. ಯಾವ ಒಂದು ಹೆಸರೂ 1,200ರಲ್ಲಿ 400 ದಾಟಬಾರದು. ನಮ್ಮ ಉದಾಹರಣೆಯ ವರ್ಕ್‌ಶಾಪ್‌ನ ಈಗಿನ ಇಬ್ಬರು ಗಿರಾಕಿಗಳಲ್ಲಿ ಒಬ್ಬರೇ 600 ತಿನ್ನುತ್ತಿದ್ದರೆ, ಇಪ್ಪತ್ತೊಂದನೆಯ ಸಾಲಿನಲ್ಲಿ ಅವರ ಹೆಸರನ್ನೂ ಬರೆದುಕೊಳ್ಳಿ.